ರೊಟ್ಟಿ ಮೇಕರ್ ಒಂದು ಕಡೆ ಸೀಯುತ್ತೆ, ಇನ್ನೊಂದು ಕಡೆ ಹಸಿ. ಥರ್ಮೋಸ್ಟಾಟಾ, ಕೋಟಿಂಗಾ?

ಲಟ್ಟಣಿಗೆ_ರಜೆ

ನಮ್ಮದು ಎರಡು ಪ್ಲೇಟಿನ ಎಲೆಕ್ಟ್ರಿಕ್ ರೊಟ್ಟಿ ಮೇಕರ್. ಉಂಡೆ ಇಟ್ಟು ಮುಚ್ಚಳ ಒತ್ತುವ ಥರದ್ದು. ಮೊದಲು ಚೆನ್ನಾಗೇ ಇತ್ತು. ಈಗ ಕೆಲವು ತಿಂಗಳಿಂದ ಚಪಾತಿಯ ಎಡಭಾಗ ಕಪ್ಪಾಗಿ ಸೀಯುತ್ತದೆ, ಬಲಭಾಗ ಮುಂದುಗಡೆ ಬೆಳ್ಳಗೆ ಹಸಿಯಾಗೇ ಇರುತ್ತದೆ. ಕೆಳಗಿನ ಪ್ಲೇಟಿನಲ್ಲಿ ಎಡಗಡೆ ಬಿಲ್ಲಿನ ಆಕಾರದಲ್ಲಿ ನಾನ್‌ಸ್ಟಿಕ್ ಎದ್ದು ಹೋಗಿ ಅಲ್ಯೂಮಿನಿಯಂ ಕಾಣುತ್ತಿದೆ. ಅಲ್ಲೇ ಹಿಟ್ಟು ಅಂಟಿಕೊಳ್ಳುತ್ತದೆ.

ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋದೆ. ಬಿಚ್ಚಿಯೂ ನೋಡಲಿಲ್ಲ. "ಕೋಟಿಂಗ್ ಹೋಗಿದೆ, ಅದಕ್ಕೇ ಬಿಸಿ ಸಮ ಇಲ್ಲ, ಹೊಸದು ತಗೊಳ್ಳಿ" ಅಂದರು. ಒಂದು ವಿಡಿಯೋದಲ್ಲಿ ಎಣ್ಣೆ ಸವರಿ ಹೊಗೆ ಬರುವ ತನಕ ಕಾಯಿಸಿ ಪಳಗಿಸಿದರೆ ಸರಿಹೋಗುತ್ತದೆ ಅಂತ ಹೇಳಿದ್ದಾರೆ. ಹಾಗೆ ಮಾಡಿದ ಮೇಲೆ ಪ್ಲೇಟಿನ ಮೇಲೆ ಕಂದು ಬಣ್ಣದ ಜಿಡ್ಡು ಬಂದಿದೆ, ಬೇರೆ ಏನೂ ಬದಲಾಗಿಲ್ಲ.

ಕೋಟಿಂಗ್ ಹೋದರೆ ನಿಜವಾಗಿಯೂ ಬಿಸಿ ಸಮ ಇರಲ್ವಾ? ಅಥವಾ ಥರ್ಮೋಸ್ಟಾಟ್ ಕೆಟ್ಟಿದೆಯಾ?

ಕಬ್ಬಿಣದ_ಕಾವಲಿ

ಒಂದೇ ಸಲ ಪಳಗಿಸಿದರೆ ಸಾಲದು. ಪ್ರತಿದಿನ ಎಣ್ಣೆ ಹಚ್ಚಿ, ಚೆನ್ನಾಗಿ ಕಾಯಿಸಿ, ಹಾಗೇ ಆರಲು ಬಿಡಿ. ಒಂದು ವಾರದಲ್ಲಿ ಕಪ್ಪಗೆ ಹೊಳೆಯುತ್ತದೆ. ನಮ್ಮ ಮನೆಯ ಕಾವಲಿ ನನ್ನ ವಯಸ್ಸಿಗಿಂತ ಹಳೆಯದು, ದೋಸೆ ಕಾಗದದ ಹಾಗೆ ಎದ್ದು ಬರುತ್ತದೆ.

ಹಳೇ_ಸೋಲ್ಡರ್

@ಕಬ್ಬಿಣದ_ಕಾವಲಿ ಅದು ಕಬ್ಬಿಣ ಅಣ್ಣಾ. ಇವರದ್ದು ನಾನ್‌ಸ್ಟಿಕ್. ಎರಡಕ್ಕೂ ಒಂದೇ ಮದ್ದು ಹಾಕಬೇಡಿ, ಪಳಗಿಸುವ ವಿಷಯಕ್ಕೆ ಆಮೇಲೆ ಬರ್ತೀನಿ.

@ಲಟ್ಟಣಿಗೆ_ರಜೆ ಮೊದಲು ಆ ಅಂಗಡಿಯವರ ಮಾತು. ನಾನ್‌ಸ್ಟಿಕ್ ಪದರ ಕೂದಲಿಗಿಂತ ತೆಳ್ಳಗಿರುತ್ತದೆ. ಅದು ಇದ್ದರೂ ಹೋದರೂ ಪ್ಲೇಟಿನ ಬಿಸಿ ಹೆಚ್ಚುಕಡಿಮೆ ಅಷ್ಟೇ. ಕೋಟಿಂಗ್ ಹೋದ ಜಾಗದಲ್ಲಿ ಹಿಟ್ಟು ಅಂಟುತ್ತದೆ, ಅಂಟಿದ್ದು ಸೀಯುತ್ತದೆ, ಅದು ನಿಜ. ಆದರೆ ಎದುರು ಮೂಲೆ ಹಸಿಯಾಗಿ ಉಳಿಯಲು ಅದು ಕಾರಣ ಅಲ್ಲ.

ನೀವು ಹೇಳಿದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು ಆ ಬಿಲ್ಲಿನ ಆಕಾರ. ಚಮಚ ತಾಗಿ ಎದ್ದ ಕೋಟಿಂಗ್ ಗೀರುಗೀರಾಗಿ ಇರುತ್ತದೆ. ಬಳಸಿ ಬಳಸಿ ಸವೆದಿದ್ದರೆ ಉಂಡೆ ಇಡುವ ಜಾಗದಲ್ಲಿ, ನಡುವೆ ಹೋಗಿರುತ್ತದೆ. ಬಿಲ್ಲಿನ ಥರ ಹೋಗಿದೆ ಅಂದರೆ ಪ್ಲೇಟಿನ ಕೆಳಗೆ ಕಾಯಿಲ್ ಅದೇ ದಾರಿಯಲ್ಲಿ ಹೋಗಿರುತ್ತದೆ. ಅಂದರೆ ಅಲ್ಲಿ ಬಿಸಿ ಮಿತಿ ಮೀರಿ ಕೋಟಿಂಗ್ ಸುಟ್ಟಿದೆ. ಬಿಸಿ ಕೆಟ್ಟಿದ್ದರಿಂದ ಕೋಟಿಂಗ್ ಹೋಗಿದೆ. ಅಂಗಡಿಯವರು ಅದನ್ನೇ ತಿರುಗಿಸಿ ಹೇಳಿದ್ದಾರೆ.

ಒಂದು ಪ್ರಶ್ನೆ. ಪ್ಲಗ್ ಹಾಕಿದ ಮೇಲೆ ಲೈಟ್ ಆರಲು ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತಿದೆಯಾ?

ಲಟ್ಟಣಿಗೆ_ರಜೆ

ಹೌದು! ಮೊದಲು ನಾಲ್ಕೈದು ನಿಮಿಷಕ್ಕೆ ಆರುತ್ತಿತ್ತು. ಈಗ ಹತ್ತು ನಿಮಿಷದ ಹತ್ತಿರ. ವೋಲ್ಟೇಜ್ ಕಮ್ಮಿ ಇರಬೇಕು ಅಂದುಕೊಂಡಿದ್ದೆ.

ಇಂಡಕ್ಷನ್_ಇಂದ್ರ

ನನಗೂ ಇದೇ ಸಮಸ್ಯೆ. ಇಂಡಕ್ಷನ್ ಒಲೆಯ ಮೇಲೆ ತವಾ ಇಟ್ಟರೆ ಸುತ್ತ ಒಂದು ಉಂಗುರದ ಹಾಗೆ ಸೀಯುತ್ತದೆ, ಅಂಚು ಬೇಯುವುದೇ ಇಲ್ಲ. ಥರ್ಮೋಸ್ಟಾಟ್ ಬದಲಿಸಬೇಕಾ?

ಹಳೇ_ಸೋಲ್ಡರ್

@ಇಂಡಕ್ಷನ್_ಇಂದ್ರ ನಿಮ್ಮದು ಬೇರೆ ಕಥೆ ಸರ್. ಒಲೆಯೊಳಗಿನ ಕಾಯಿಲ್ ಎಷ್ಟು ಅಗಲ ಇದೆಯೋ ತವಾ ಅಷ್ಟೇ ಅಗಲಕ್ಕೆ ನೇರವಾಗಿ ಬಿಸಿಯಾಗುತ್ತದೆ. ಅದರಾಚೆಗೆ ಬಿಸಿ ಲೋಹದ ಮೂಲಕ ಹರಡಿಕೊಂಡು ಹೋಗಬೇಕು. ತೆಳು ತವಾದಲ್ಲಿ ಹರಡುವುದಿಲ್ಲ. ದಪ್ಪ ತವಾ ಇಡಿ, ಕಡಿಮೆ ಪವರಿನಲ್ಲಿ ನಿಧಾನ ಕಾಯಿಸಿ. ಅಲ್ಲಿ ಏನೂ ಕೆಟ್ಟಿಲ್ಲ.

@ಲಟ್ಟಣಿಗೆ_ರಜೆ ವೋಲ್ಟೇಜ್ ಕಮ್ಮಿಯಾದರೆ ನಿಧಾನ ಆಗುತ್ತದೆ, ಒಪ್ಪಿದೆ. 230 ವೋಲ್ಟಿಗೆ 900 ವ್ಯಾಟ್ ಎಳೆಯುವ ಮೆಷಿನ್ 200 ವೋಲ್ಟಿಗೆ ಸುಮಾರು 680 ವ್ಯಾಟ್ ಮಾತ್ರ ಎಳೆಯುತ್ತದೆ. ಆದರೆ ಆಗ ಇಡೀ ಪ್ಲೇಟ್ ನಿಧಾನ ಕಾಯುತ್ತದೆ. ಎಡಗಡೆಗೆ ಒಂದು ವೋಲ್ಟೇಜ್, ಬಲಗಡೆಗೆ ಒಂದು ವೋಲ್ಟೇಜ್ ಅಂತ ಬರುವುದಿಲ್ಲ ಅಲ್ವಾ.

ಹಿಟ್ಟು_ಕಲಸುವವಳು

ಎಲ್ಲರೂ ಮೆಷಿನ್ನನ್ನೇ ಬೈಯುತ್ತಿದ್ದೀರಿ. ಹಿಟ್ಟಿನ ಕಡೆ ಯಾರಾದರೂ ನೋಡಿದಿರಾ? ರೊಟ್ಟಿ ಮೇಕರಿಗೆ ಲಟ್ಟಿಸುವ ಹಿಟ್ಟಿಗಿಂತ ಮೆತ್ತಗೆ ಕಲಸಬೇಕು, ಅರ್ಧ ಗಂಟೆಯಾದರೂ ನೆನೆಯಲು ಬಿಡಬೇಕು. ಗಟ್ಟಿ ಹಿಟ್ಟು ಒತ್ತಿದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ದಪ್ಪ ಇರುವ ಕಡೆ ಹಸಿಯಾಗೇ ಇರುತ್ತದೆ.

ಉಂಡೆಯನ್ನು ಸರಿಯಾಗಿ ನಡುವೆ ಇಡುವುದೂ ತಪ್ಪು. ಮುಚ್ಚಳ ಕೀಲಿನ ಕಡೆಯಿಂದ ಇಳಿಯುತ್ತಾ ಹಿಟ್ಟನ್ನು ಮುಂದಕ್ಕೆ ತಳ್ಳುತ್ತದೆ. ಅದಕ್ಕೆ ಸ್ವಲ್ಪ ಹಿಂದೆ, ಕೀಲಿನ ಕಡೆಗೆ ಇಡಬೇಕು. ಇನ್ನೊಂದು, ಉಂಡೆಗೆ ಒಣ ಹಿಟ್ಟು ಜಾಸ್ತಿ ಹೊರಳಿಸಬೇಡಿ. ಉದುರಿದ ಹಿಟ್ಟು ಪ್ಲೇಟಿನ ಮೇಲೆ ಸುಟ್ಟು ಮುಂದಿನ ಚಪಾತಿಗೆ ಕಪ್ಪು ಚುಕ್ಕಿಯಾಗಿ ಅಂಟುತ್ತದೆ. ನೋಡಿದವರು ಪ್ಲೇಟೇ ಸೀಯಿಸಿತು ಅಂದುಕೊಳ್ಳುತ್ತಾರೆ.

ಹಳೇ_ಸೋಲ್ಡರ್

@ಹಿಟ್ಟು_ಕಲಸುವವಳು ಸರಿಯಾದ ಮಾತು ಅಕ್ಕ. ಮೆಷಿನ್ ಬಿಚ್ಚುವ ಮೊದಲು ಇದನ್ನು ಬೇರೆ ಮಾಡಿಕೊಳ್ಳಬೇಕು. ಅದಕ್ಕೆ ಸುಲಭದ ಪರೀಕ್ಷೆ ಇದೆ. ಒಂದು ಚಪಾತಿ ಒತ್ತಿ, ತುಸು ಬಣ್ಣ ಬರುತ್ತಿದ್ದಂತೆ ಅದನ್ನು ಮಗುಚದೆ ಅರ್ಧ ಸುತ್ತು ತಿರುಗಿಸಿ. ಎಡಗಡೆ ಇದ್ದದ್ದು ಬಲಗಡೆಗೆ ಬರಬೇಕು. ಈಗ ಹೊಸದಾಗಿ ಎಡಗಡೆಗೆ ಬಂದ ಭಾಗ ಬೇಗ ಕಪ್ಪಾದರೆ ಪ್ಲೇಟಿನ ತಪ್ಪು. ಮೊದಲು ಹಸಿ ಇದ್ದ ಭಾಗ ಎಲ್ಲಿಗೆ ಹೋದರೂ ಹಸಿಯಾಗೇ ಉಳಿದರೆ ಹಿಟ್ಟಿನ, ಒತ್ತುವುದರ ತಪ್ಪು.

ಲಟ್ಟಣಿಗೆ_ರಜೆ

ಮಾಡಿ ನೋಡಿದೆ. ಯಾವ ಭಾಗ ಎಡಗಡೆಗೆ ಬಂದರೂ ಅದೇ ಸೀಯುತ್ತದೆ. ಹಿಟ್ಟು ಬಚಾವ್.

ಹಿಟ್ಟು_ಕಲಸುವವಳು

ಬಚಾವ್ ಆಗಿರಬಹುದು, ಆದರೂ ಮೆತ್ತಗೆ ಕಲಸಿ :)

ಲೇಸರ್_ಲೆಕ್ಕ

ಇಷ್ಟೆಲ್ಲ ಯಾಕೆ? ಇನ್ಫ್ರಾರೆಡ್ ಥರ್ಮಾಮೀಟರ್ ತಗೊಂಡು ಗುರಿ ಇಟ್ಟರೆ ಎರಡು ಸೆಕೆಂಡಿನಲ್ಲಿ ಉತ್ತರ ಸಿಗುತ್ತದೆ. ಒಲೆ, ಟೀ, ಕಾರಿನ ಟೈರು, ಎಲ್ಲದಕ್ಕೂ ನಾನು ಅದನ್ನೇ ಬಳಸುವುದು.

ಲಟ್ಟಣಿಗೆ_ರಜೆ

ಪಕ್ಕದ ಮನೆಯವರ ಹತ್ತಿರ ಅದು ಇತ್ತು, ತಂದು ನೋಡಿದೆ. ಲೈಟ್ ಆರಿದ ಕೂಡಲೇ ಹಿಡಿದ ಲೆಕ್ಕ. ಎಡಗಡೆ ಕಪ್ಪು ಕೋಟಿಂಗ್ ಉಳಿದಿರುವ ಕಡೆ 265 ಡಿಗ್ರಿ. ಬಲಗಡೆ ಮುಂದೆ 160. ಆದರೆ ಕೋಟಿಂಗ್ ಹೋಗಿ ಅಲ್ಯೂಮಿನಿಯಂ ಹೊಳೆಯುವ ಜಾಗದಲ್ಲಿ 95 ತೋರಿಸುತ್ತಿದೆ! ಅದಕ್ಕೆ ಅಂಟಿಕೊಂಡೇ ಇರುವ ಜಾಗ 265, ಇದು 95. ತಲೆ ಕೆಟ್ಟಿತು.

ಲೇಸರ್_ಲೆಕ್ಕ

ನೋಡಿ ಹಾಗಾದರೆ. ಕೋಟಿಂಗ್ ಹೋದ ಜಾಗ ತಣ್ಣಗಿದೆ. ಅಂಗಡಿಯವರು ಹೇಳಿದ್ದೇ ಸರಿ. ಕೋಟಿಂಗೇ ಬಿಸಿ ಹಿಡಿದಿಡುವುದು.

ಹಳೇ_ಸೋಲ್ಡರ್

ತಪ್ಪು. ಆ ಮೀಟರ್ ಬಿಸಿಯನ್ನು ಮುಟ್ಟಿ ನೋಡುವುದಿಲ್ಲ. ಮೇಲ್ಮೈಯಿಂದ ಹೊರಡುವ ಶಾಖದ ಕಿರಣ ಎಣಿಸಿ ಡಿಗ್ರಿ ಹೇಳುತ್ತದೆ. ಕಪ್ಪು ಕೋಟಿಂಗ್ ಕಿರಣ ಚೆನ್ನಾಗಿ ಬಿಡುತ್ತದೆ, ಅದಕ್ಕೆ ಅಲ್ಲಿ ಲೆಕ್ಕ ನಂಬಬಹುದು. ಹೊಳೆಯುವ ಅಲ್ಯೂಮಿನಿಯಂ ಬಹಳ ಕಮ್ಮಿ ಬಿಡುತ್ತದೆ. ಜೊತೆಗೆ ಎದುರಿನ ಗೋಡೆ, ಮುಚ್ಚಳದ ಬಿಂಬವನ್ನೂ ಸೇರಿಸಿಕೊಳ್ಳುತ್ತದೆ. ಹೊಳೆಯುವ ಲೋಹದ ಮೇಲೆ ಆ ಅಂಕಿಗೆ ಅರ್ಥ ಇಲ್ಲ. ಒಂದು ಅಂಗುಲದ ಅಂತರದಲ್ಲಿ ಅಲ್ಯೂಮಿನಿಯಂ 170 ಡಿಗ್ರಿ ಇಳಿಯುವುದು ಸಾಧ್ಯವೇ ಇಲ್ಲ.

ನಂಬಿಕೆ ಬರದಿದ್ದರೆ ಹಿಟ್ಟಿನ ಪರೀಕ್ಷೆ ಮಾಡಿ. ತಣ್ಣನೆಯ ಪ್ಲೇಟಿನ ಮೇಲೆ ಜರಡಿಯಲ್ಲಿ ಮೈದಾ ತೆಳ್ಳಗೆ, ಸಮನಾಗಿ ಉದುರಿಸಿ. ಮುಚ್ಚಳ ತೆರೆದೇ ಇರಲಿ. ಪ್ಲಗ್ ಹಾಕಿ ಲೈಟ್ ಆರುವ ತನಕ ಪಕ್ಕದಲ್ಲೇ ನಿಂತು ನೋಡಿ. ಜಾಸ್ತಿ ಹೊಗೆಯಾದರೆ ತಕ್ಷಣ ಪ್ಲಗ್ ತೆಗೆಯಿರಿ. ಎಲ್ಲಿ ಮೊದಲು ಕಂದಾಯಿತು, ಎಲ್ಲಿ ಕೊನೆಗೂ ಬೆಳ್ಳಗೇ ಉಳಿಯಿತು, ಒಂದು ಫೋಟೋ ತೆಗೆಯಿರಿ. ಹಿಟ್ಟಿಗೆ ಹೊಳಪು, ಬಿಂಬ ಯಾವುದೂ ಲೆಕ್ಕ ಇಲ್ಲ.

ಲಟ್ಟಣಿಗೆ_ರಜೆ

ಮೈದಾ ಉದುರಿಸಿದೆ. ಎಡಗಡೆ ಬಿಲ್ಲು ಮೊದಲು ಕಂದಾಯಿತು, ಕೋಟಿಂಗ್ ಹೋದ ಜಾಗ ಸೇರಿ. ನೀವು ಹೇಳಿದಂತೆ ಅಲ್ಲಿ ತಣ್ಣಗೇನೂ ಇಲ್ಲ. ಆ ಬಿಲ್ಲು ಹಿಂಭಾಗದಲ್ಲಿ ಸುತ್ತಿ ಬಲಗಡೆಗೆ ಬರುತ್ತಾ ಮಾಸಿ ಹೋಗುತ್ತದೆ. ಬಲಗಡೆ ಮುಂದೆ ಅಂಗೈಯಷ್ಟು ಜಾಗ ಕೊನೆಯ ತನಕ ಬೆಳ್ಳಗೇ ಇತ್ತು. ಲಾಳದ ಒಂದು ಕಾಲು ಮುರಿದ ಹಾಗೆ ಕಾಣುತ್ತದೆ.

ಲೇಸರ್_ಲೆಕ್ಕ

ಸರಿ, ಆ 95 ವಾಪಸ್ ತಗೊಂಡೆ. 265 ಮತ್ತು 160 ನನ್ನ ಮೀಟರಿನ ಗೆಲುವು ಅಂತ ಬರೆದುಕೊಳ್ಳಿ.

ಗಿಳಿಮನೆ

ಸ್ವಲ್ಪ ತಡೀರಿ. 265 ಅಂದಿರಲ್ಲ. ನಾನ್‌ಸ್ಟಿಕ್ ಕೋಟಿಂಗ್ 260ರ ಮೇಲೆ ಹಾಳಾಗಲು ಶುರುವಾಗುತ್ತದೆ. ಅದರ ಹೊಗೆ ಪಕ್ಷಿಗಳಿಗೆ ವಿಷ. ಮನೆಯಲ್ಲಿ ಗಿಳಿ, ಲವ್ ಬರ್ಡ್ಸ್ ಇದ್ದರೆ ಈ ಪರೀಕ್ಷೆ ಅಡುಗೆಮನೆಯಲ್ಲಿ ಮಾಡಲೇಬೇಡಿ. ಕೆಟ್ಟ ರೊಟ್ಟಿ ಮೇಕರನ್ನು ಬಳಸುವುದೂ ಬೇಡ. ಮನುಷ್ಯರಿಗೆ ಗೊತ್ತೇ ಆಗದಷ್ಟು ಹೊಗೆಗೆ ಹಕ್ಕಿ ಸಾಯುತ್ತದೆ.

ಲಟ್ಟಣಿಗೆ_ರಜೆ

@ಗಿಳಿಮನೆ ಹಕ್ಕಿ ಇಲ್ಲ. ಆದರೆ ಎದ್ದ ಕೋಟಿಂಗಿನ ಚೂರು ಚಪಾತಿಯ ಜೊತೆ ಹೊಟ್ಟೆಗೆ ಹೋಗಿರುತ್ತದಲ್ಲ, ಅದು?

ಗಿಳಿಮನೆ

ನುಂಗಿದ ಚೂರು ಅರಗುವುದಿಲ್ಲ, ಹಾಗೇ ಹೊರಗೆ ಹೋಗುತ್ತದೆ. ನನಗೆ ಹೆದರಿಕೆ ಚೂರಿನದ್ದಲ್ಲ, ಅತಿ ಕಾದ ಕೋಟಿಂಗಿನ ಹೊಗೆಯದ್ದು. ಆದರೂ ಚೂರು ಉದುರುವ ಪ್ಲೇಟಿನಲ್ಲಿ ನಾನಂತೂ ಅಡುಗೆ ಮಾಡಲ್ಲ.

ಹಳೇ_ಸೋಲ್ಡರ್

ಹಕ್ಕಿಯ ಮಾತು ನಿಜ, ಗಮನದಲ್ಲಿರಲಿ.

ಈಗ ಮುರಿದ ಲಾಳಕ್ಕೆ ಬರೋಣ. ಕಾಯಿಲ್ ಒಂದೇ ಉದ್ದದ ಕೊಳವೆ. ಒಳಗೆ ತಂತಿ, ಸುತ್ತ ಬಿಳಿ ಪುಡಿ, ಹೊರಗೆ ಲೋಹದ ಕವಚ. ತಂತಿ ಎಲ್ಲಾದರೂ ತುಂಡಾದರೆ ಪೂರ್ತಿ ಕಾಯಿಲ್ ಸತ್ತುಹೋಗುತ್ತದೆ, ಅರ್ಧ ಬಿಸಿಯಾಗಲು ಆಗುವುದಿಲ್ಲ. ಆದ್ದರಿಂದ ನಿಮ್ಮದರಲ್ಲಿ ಕಾಯಿಲ್ ಬದುಕಿದೆ. ಬಲಗಡೆಯೂ ಕಾಯುತ್ತಲೇ ಇದೆ. ಆ ಬಿಸಿ ಪ್ಲೇಟಿಗೆ ದಾಟುತ್ತಿಲ್ಲ, ಅಷ್ಟೇ.

ಕೆಲವು ಮೆಷಿನ್‌ಗಳಲ್ಲಿ ಕಾಯಿಲನ್ನು ಪ್ಲೇಟಿನೊಳಗೇ ಎರಕ ಹೊಯ್ದಿರುತ್ತಾರೆ. ಅವುಗಳಲ್ಲಿ ಈ ಗೋಳು ಇಲ್ಲ. ಇನ್ನು ಕೆಲವದರಲ್ಲಿ ಪ್ಲೇಟಿನ ಕೆಳಗೆ ಕಾಯಿಲ್ ಇಟ್ಟು ಮೇಲೊಂದು ತಗಡಿನ ಪಟ್ಟಿ ಕೂರಿಸಿ ಸ್ಕ್ರೂ ಬಿಗಿದಿರುತ್ತಾರೆ. ಕಾದು ಆರಿ, ಕಾದು ಆರಿ, ಸ್ಕ್ರೂ ಸಡಿಲ ಆಗುತ್ತದೆ. ಕಾಯಿಲ್ ಪ್ಲೇಟಿನಿಂದ ಒಂದು ಮಿಲಿಮೀಟರ್ ಎದ್ದರೂ ಸಾಕು, ನಡುವೆ ಗಾಳಿ ಸೇರುತ್ತದೆ. ಆ ಕಡೆ ಪ್ಲೇಟ್ ತಣ್ಣಗಾಗುತ್ತದೆ.

ಮುಂದಿನದು ನನ್ನ ಊಹೆ, ಬಿಚ್ಚಿದ ಮೇಲೆ ಗೊತ್ತಾಗುತ್ತದೆ. ಥರ್ಮೋಸ್ಟಾಟ್ ಇಡೀ ಪ್ಲೇಟನ್ನು ನೋಡುವುದಿಲ್ಲ. ತಾನು ಕೂತ ಜಾಗದ ಬಿಸಿ ಮಾತ್ರ ಅದಕ್ಕೆ ಗೊತ್ತು. ನಿಮ್ಮದರಲ್ಲಿ ಅದು ಬಲಗಡೆಯೇ ಕೂತಿರಬೇಕು. ಬಲಗಡೆ ತಣ್ಣಗಿದೆ, ಆದ್ದರಿಂದ ಅದು "ಇನ್ನೂ ಕಾದಿಲ್ಲ" ಅಂತ ಕರೆಂಟ್ ಬಿಡುತ್ತಲೇ ಇರುತ್ತದೆ. ಅಷ್ಟರಲ್ಲಿ ಎಡಗಡೆ ಉರಿದು ಹೋಗುತ್ತದೆ. ಲೈಟ್ ತಡವಾಗಿ ಆರುವುದು, ಎಡಗಡೆ ಕೋಟಿಂಗ್ ಬಿಲ್ಲಾಗಿ ಸುಟ್ಟಿರುವುದು, ಬಲಗಡೆ ಹಸಿ, ಮೂರೂ ಒಂದೇ ಕಾರಣಕ್ಕೆ.

ಹೀಗೆ ಬಳಸುತ್ತಾ ಹೋದರೆ ಎದ್ದಿರುವ ಕಡೆ ಕಾಯಿಲ್ ತನ್ನ ಬಿಸಿಯನ್ನು ತಾನೇ ಅನುಭವಿಸಿ ಒಂದಿನ ಅಲ್ಲೇ ತುಂಡಾಗುತ್ತದೆ.

ಫ್ಯೂಸ್_ಹಾರಿತು

ನನ್ನದರಲ್ಲಿ ಥರ್ಮಲ್ ಫ್ಯೂಸ್ ಹೋಗಿತ್ತು. ಬೈಪಾಸ್ ಮಾಡಿ ತಂತಿ ಸೇರಿಸಿದೆ, ಈಗಲೂ ಓಡುತ್ತಿದೆ. ಥರ್ಮೋಸ್ಟಾಟನ್ನೂ ಹಾಗೇ ನೇರ ಮಾಡಿ, ಬೇಕಾದಾಗ ಪ್ಲಗ್ ತೆಗೆದರಾಯಿತು. ಇಷ್ಟು ತಲೆನೋವು ಯಾಕೆ?

ಹಳೇ_ಸೋಲ್ಡರ್

ದಯವಿಟ್ಟು ಬೇಡ. ಥರ್ಮೋಸ್ಟಾಟ್ ಅಂಟಿಕೊಂಡು ಕರೆಂಟ್ ಕಡಿಯದೇ ಹೋದಾಗ ಮನೆ ಉಳಿಸುವುದು ಆ ಫ್ಯೂಸ್ ಒಂದೇ. ಅದು ಹಾರಿದೆ ಅಂದರೆ ಒಮ್ಮೆ ಬಿಸಿ ಮಿತಿ ಮೀರಿತ್ತು ಅಂತ ಅರ್ಥ. ಯಾಕೆ ಮೀರಿತು ಅಂತ ಹುಡುಕಿ. ಆಮೇಲೆ ಅದೇ ಡಿಗ್ರಿ, ಅದೇ ಆಂಪಿಯರ್ ಬರೆದಿರುವ ಹೊಸ ಫ್ಯೂಸ್ ಹಾಕಿ. ಬೆಸುಗೆ ಹಾಕಬೇಡಿ, ಬೆಸುಗೆಯ ಬಿಸಿಗೇ ಅದು ಹಾರಿಬಿಡುತ್ತದೆ. ಒತ್ತಿ ಕೂರಿಸುವ ಕನೆಕ್ಟರ್ ಬಳಸಬೇಕು.

ಫ್ಯೂಸ್_ಹಾರಿತು

ನಾನು ಪಕ್ಕದಲ್ಲೇ ನಿಂತಿರ್ತೀನಿ ಸರ್.

ಸುಮ್ನೆ_ಓದುವವ

ಫೋನ್ ಬಂದರೂ ನಿಂತಿರ್ತೀರಾ?

ಲಟ್ಟಣಿಗೆ_ರಜೆ

ನಾಳೆ ನನ್ನ ಭಾವ ಬರುತ್ತಾರೆ, ಅವರಿಗೆ ಎಲೆಕ್ಟ್ರಿಕಲ್ ಕೆಲಸ ಗೊತ್ತು. ಬಿಚ್ಚುವ ಮೊದಲು ಏನು ನೋಡಬೇಕು ಹೇಳಿ.

ಹಳೇ_ಸೋಲ್ಡರ್

ಪ್ಲಗ್ ತೆಗೆದು, ಪೂರ್ತಿ ತಣ್ಣಗಾದ ಮೇಲೆ ಪ್ಲಗ್ಗಿನ ಎರಡು ಸಣ್ಣ ಪಿನ್‌ಗಳ ನಡುವೆ ಮಲ್ಟಿಮೀಟರಿನಲ್ಲಿ ಓಮ್ ನೋಡಿ. ಸ್ವಿಚ್ ಇದ್ದರೆ ಆನ್ ಇರಲಿ, ತಿರುಗುಗುಂಡಿ ಇದ್ದರೆ ಜಾಸ್ತಿಗೆ ತಿರುಗಿಸಿ. 230 ವೋಲ್ಟ್, 900 ವ್ಯಾಟ್ ಅಂತ ಬರೆದಿದ್ದರೆ ಸುಮಾರು 59 ಓಮ್ ಬರಬೇಕು. ಎರಡೂ ಪ್ಲೇಟಿನ ಕಾಯಿಲ್ ಸಮ ಇದ್ದು, ಒಂದು ಸತ್ತಿದ್ದರೆ 118ರ ಹತ್ತಿರ ತೋರಿಸುತ್ತದೆ. ಆಗ ಮೊದಲು ಕೀಲಿನ ಹತ್ತಿರದ ವೈರ್ ನೋಡಿ. ಮುಚ್ಚಳ ತೆಗೆದು ಹಾಕಿ ಅಲ್ಲೇ ತುಂಡಾಗುವುದು. ಏನೂ ತೋರಿಸದಿದ್ದರೆ ಫ್ಯೂಸ್ ಅಥವಾ ಥರ್ಮೋಸ್ಟಾಟ್.

ಆಮೇಲೆ ದೊಡ್ಡ ಪಿನ್ನಿಗೂ ಪ್ಲೇಟಿನ ಲೋಹಕ್ಕೂ ಸಂಪರ್ಕ ಇದೆಯಾ ನೋಡಿ. ಕೋಟಿಂಗ್ ಮೇಲೆ ಮೀಟರ್ ಇಟ್ಟರೆ ತೋರಿಸುವುದಿಲ್ಲ, ಬರಿ ಲೋಹ ಇರುವ ಕಡೆ ಇಡಿ. ಅರ್ಥಿಂಗ್ ಇಲ್ಲದಿದ್ದರೆ ಉಳಿದ ಕೆಲಸ ಆಮೇಲೆ, ಮೊದಲು ಅದು.

ಕಬ್ಬಿಣದ_ಕಾವಲಿ

ಇಷ್ಟು ಓದುವಷ್ಟರಲ್ಲಿ ಗ್ಯಾಸ್ ಮೇಲೆ ಇಪ್ಪತ್ತು ಚಪಾತಿ ಆಗ್ತಿತ್ತು.

ಲಟ್ಟಣಿಗೆ_ರಜೆ

ಬಿಚ್ಚಿದೆವು. ಮೀಟರ್ 58 ಓಮ್ ತೋರಿಸಿತು, ಅರ್ಥಿಂಗ್ ಸರಿ ಇದೆ.

ಕೆಳಗಿನ ಪ್ಲೇಟಿನ ಅಡಿ ತಗಡಿನ ಪಟ್ಟಿ ಮೂರು ಕಡೆ ಸ್ಕ್ರೂ ಹಾಕಿ ಬಿಗಿದಿದೆ. ಎಡಗಡೆ, ಹಿಂದೆ ಗಟ್ಟಿ. ಬಲಗಡೆಯ ಸ್ಕ್ರೂ ಬೆರಳಲ್ಲೇ ತಿರುಗಿತು! ಅಲ್ಲಿ ಕಾಯಿಲ್ ಎದ್ದು ನಿಂತಿದೆ, ಸಂದಿಯಲ್ಲಿ ಪೋಸ್ಟ್‌ಕಾರ್ಡ್ ನುಸುಳುತ್ತದೆ. ಆ ಭಾಗದ ಕಾಯಿಲ್ ಬಣ್ಣವೂ ಬೇರೆ, ಬೂದಿ ಬೂದಿ. ಥರ್ಮೋಸ್ಟಾಟ್ ಬಲಗಡೆಯೇ ಇದೆ, ಸಣ್ಣ ಗುಂಡಗಿನದು, ಎರಡು ಸ್ಕ್ರೂ. ಅದರಲ್ಲೂ ಒಂದು ಸ್ವಲ್ಪ ಸಡಿಲ.

ಸುಮ್ನೆ ಬಿಗಿದುಬಿಡಲಾ?

ಹಳೇ_ಸೋಲ್ಡರ್

ಬಿಗಿಯುವ ಮೊದಲು ಕಾಯಿಲ್ ಕೂರುವ ತೋಡು, ಥರ್ಮೋಸ್ಟಾಟಿನ ಮುಖ, ಅದು ಕೂರುವ ಜಾಗ, ಮೂರನ್ನೂ ಒಣ ಬಟ್ಟೆಯಲ್ಲಿ ಒರೆಸಿ. ಹಿಟ್ಟಿನ ಪುಡಿ, ಎಣ್ಣೆ ಕರಕಲು ಇದ್ದರೆ ಮರದ ಕಡ್ಡಿಯಿಂದ ಕೆರೆಯಿರಿ. ನೀರು ಬೇಡ. ಕಾಯಿಲ್ ತುದಿಯಿಂದ ತೇವ ಒಳಗಿನ ಪುಡಿಗೆ ಸೇರಿದರೆ ಪ್ಲಗ್ ಹಾಕಿದಾಗ ಟ್ರಿಪ್ ಆಗುತ್ತದೆ.

ಸ್ಪ್ರಿಂಗ್ ವಾಷರ್ ಹಾಕಿ ಬಿಗಿಯಿರಿ. ಬರೀ ಸ್ಕ್ರೂ ಮತ್ತೆ ಸಡಿಲ ಆಗುತ್ತದೆ. ಮೂರನ್ನೂ ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೆ ಒಂದು ತಿರುಗಿಸಿ. ಒಂದನ್ನೇ ಪೂರ್ತಿ ಬಿಗಿದರೆ ಪಟ್ಟಿ ಇನ್ನೊಂದು ಕಡೆ ಎದ್ದು ಬಿಡುತ್ತದೆ. ಜೋರು ಮಾಡಬೇಡಿ, ಅಲ್ಯೂಮಿನಿಯಂ ಮೆತ್ತಗಿನದು, ಮರೆ ಕಿತ್ತುಕೊಂಡು ಬರುತ್ತದೆ. ಕಾಯಿಲನ್ನು ಬಗ್ಗಿಸಲೂ ಹೋಗಬೇಡಿ.

ಥರ್ಮೋಸ್ಟಾಟಿನ ಹೊರಗೆ ಡಿಗ್ರಿ ಬರೆದಿರುತ್ತದೆ, ನೋಡಿಟ್ಟುಕೊಳ್ಳಿ. ಅದನ್ನು ಬದಲಿಸುವ ಅಗತ್ಯ ನನಗೆ ಕಾಣುತ್ತಿಲ್ಲ. ಅದು ಸುಳ್ಳು ಹೇಳಿಲ್ಲ, ತಣ್ಣನೆ ಜಾಗದಲ್ಲಿ ಕೂತು ತಣ್ಣಗಿದೆ ಅಂದಿದೆ.

ಲೇಸರ್_ಲೆಕ್ಕ

ಥರ್ಮೋಸ್ಟಾಟಿಗೆ ಕಂಪ್ಯೂಟರಿನ ಥರ್ಮಲ್ ಪೇಸ್ಟ್ ಹಚ್ಚಿದರೆ ಇನ್ನೂ ಚೆನ್ನಾಗಿ ಬಿಸಿ ದಾಟುತ್ತದೆ.

ಹಳೇ_ಸೋಲ್ಡರ್

ಆ ಪೇಸ್ಟ್ 200 ಡಿಗ್ರಿ ದಾಟುವ ಜಾಗಕ್ಕೆ ಮಾಡಿದ್ದಲ್ಲ, ಒಣಗಿ ಪುಡಿಯಾಗುತ್ತದೆ. ಆಮೇಲೆ ಆ ಪುಡಿಯೇ ಅಡ್ಡ. ಮುಖ ಸಪಾಟಾಗಿ, ಚೊಕ್ಕಟವಾಗಿ ಕೂತರೆ ಸಾಕು.

ಲಟ್ಟಣಿಗೆ_ರಜೆ

ವಾಷರ್ ಹಾಕಿ ಬಿಗಿದಾಯಿತು. ಮತ್ತೆ ಮೈದಾ ಉದುರಿಸಿ ನೋಡಿದೆ. ಈಗ ಪೂರ್ತಿ ಲಾಳ ಕಾಣುತ್ತದೆ, ಎರಡೂ ಕಾಲು. ನಡುವೆ ಸ್ವಲ್ಪ ತಿಳಿ. ಲೈಟ್ ಐದು ನಿಮಿಷದೊಳಗೆ ಆರಿತು. ಮೀಟರಿನಲ್ಲಿ ಎಡಗಡೆ 225, ಬಲಗಡೆ 205.

ಪೂರ್ತಿ ಸಮ ಇಲ್ಲವಲ್ಲ?

ಹಳೇ_ಸೋಲ್ಡರ್

ಪೂರ್ತಿ ಸಮ ಆಗುವುದಿಲ್ಲ. ಕಾಯಿಲ್ ಮೇಲಿನ ದಾರಿ ಯಾವತ್ತೂ ಸ್ವಲ್ಪ ಜಾಸ್ತಿ. ಲೈಟ್ ಮೊದಲ ಸಲ ಆರಿದಾಗ ಚಪಾತಿ ಶುರು ಮಾಡಬೇಡಿ. ಆಗ ಥರ್ಮೋಸ್ಟಾಟಿನ ಜಾಗ ಮಾತ್ರ ಕಾದಿರುತ್ತದೆ. ಮತ್ತೆ ಹತ್ತಿ ಇನ್ನೊಮ್ಮೆ ಆರುವ ತನಕ ಮುಚ್ಚಳ ಮುಚ್ಚಿ ಬಿಡಿ, ಅಷ್ಟರಲ್ಲಿ ಬಿಸಿ ಹರಡಿಕೊಳ್ಳುತ್ತದೆ. 20 ಡಿಗ್ರಿ ವ್ಯತ್ಯಾಸ ಚಪಾತಿಯಲ್ಲಿ ಕಾಣುವುದಿಲ್ಲ.

ಹಿಟ್ಟು_ಕಲಸುವವಳು

ಒತ್ತಿ ಹಿಡಿಯಬೇಡಿ ಕೂಡ. ಒಂದೆರಡು ಸೆಕೆಂಡ್ ಒತ್ತಿ ತಕ್ಷಣ ಬಿಡಿ. ಹಿಡಿದರೆ ಉಗಿ ಹೊರಗೆ ಹೋಗಲಾರದೆ ಚಪಾತಿ ಸಿಡಿಯುತ್ತದೆ, ಹರಿದ ಜಾಗ ಅಂಟುತ್ತದೆ.

ಲಟ್ಟಣಿಗೆ_ರಜೆ

ಚಪಾತಿ ಈಗ ಎರಡೂ ಕಡೆ ಬೇಯುತ್ತದೆ. ಆದರೆ ಕೋಟಿಂಗ್ ಹೋದ ಬಿಲ್ಲಿನ ಮೇಲೆ ಈಗಲೂ ಅಂಟುತ್ತದೆ, ಕಂದು ಜಿಡ್ಡು ಹಾಗೇ ಇದೆ. ಅದಕ್ಕೇನು ಮಾಡಲಿ? ಪಳಗಿಸುವ ವಿಷಯ ಆಮೇಲೆ ಹೇಳ್ತೀನಿ ಅಂದಿದ್ದಿರಿ.

ಹಳೇ_ಸೋಲ್ಡರ್

ಕಬ್ಬಿಣದ ಮೇಲೆ ತೆಳು ಎಣ್ಣೆ ಹಚ್ಚಿ ಕಾಯಿಸಿದರೆ ಎಣ್ಣೆ ಗಟ್ಟಿ ಪದರವಾಗಿ ಲೋಹಕ್ಕೆ ಹಿಡಿದುಕೊಳ್ಳುತ್ತದೆ. ಪಳಗುವುದು ಅಂದರೆ ಅದೇ. ನಾನ್‌ಸ್ಟಿಕ್ ಮೇಲೆ ಎಣ್ಣೆ ಹರಡಿಕೊಳ್ಳುವುದೇ ಇಲ್ಲ, ಹನಿಹನಿಯಾಗಿ ನಿಲ್ಲುತ್ತದೆ. ಹಾಗೆ ನಿಂತ ಹನಿಯನ್ನು ಕಾಯಿಸಿದರೆ ಅಲ್ಲಲ್ಲೇ ಗಟ್ಟಿಯಾಗಿ ಅಂಟು ಕಲೆ ಆಗುತ್ತದೆ. ನಿಮ್ಮ ಕಂದು ಜಿಡ್ಡು ಅದೇ. ಅಂಟಬಾರದು ಅಂತ ಮಾಡಿದ್ದು ಅಂಟಿಸುವ ಪದರ ಆಯಿತು. ಹೊಗೆ ಬರುವ ತನಕ ಕಾಯಿಸಿದ್ದರಿಂದ ಕೋಟಿಂಗಿಗೂ ಇನ್ನಷ್ಟು ಏಟು.

ನಾನ್‌ಸ್ಟಿಕ್ ಪಳಗಿಸುವುದು ಬಹಳ ಚಿಕ್ಕ ಕೆಲಸ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಒಂದೆರಡು ನಿಮಿಷ ಬೆಚ್ಚಗೆ ಮಾಡಿ ಪ್ಲಗ್ ತೆಗೆಯಿರಿ. ಎರಡು ಹನಿ ಎಣ್ಣೆ ಬಟ್ಟೆಗೆ ಹಾಕಿ ಸವರಿ. ಆಮೇಲೆ ಬೇರೆ ಒಣ ಬಟ್ಟೆಯಲ್ಲಿ ಎಣ್ಣೆ ಹಚ್ಚಿಯೇ ಇಲ್ಲ ಅನ್ನುವಷ್ಟು ಒರೆಸಿಬಿಡಿ. ಅಷ್ಟೇ. ಡಬ್ಬಿಯ ಸ್ಪ್ರೇ ಎಣ್ಣೆ ಬೇಡ, ಅದರಲ್ಲಿ ಸೇರಿಸಿರುವ ಲೆಸಿಥಿನ್ ಬೇಗ ಜಿಗುಟಾಗುತ್ತದೆ.

ಇರುವ ಜಿಡ್ಡಿಗೆ ಅಡುಗೆ ಸೋಡಾ ನೀರಲ್ಲಿ ಪೇಸ್ಟ್ ಮಾಡಿ ಉಗುರುಬೆಚ್ಚಗಿನ ಪ್ಲೇಟಿಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮೆತ್ತನೆ ಸ್ಪಂಜಿನಲ್ಲಿ ಉಜ್ಜಿ. ಪ್ಲಗ್ ತೆಗೆದಿರಲಿ, ನೀರು ಅಂಚಿನಿಂದ ಒಳಗೆ ಇಳಿಯದಿರಲಿ. ಒಂದೇ ಸಲಕ್ಕೆ ಪೂರ್ತಿ ಹೋಗುವುದಿಲ್ಲ. ಕಾಸ್ಟಿಕ್ ಸೋಡಾ ಹಾಕಿದ ಒಲೆ ಕ್ಲೀನರ್ ಮಾತ್ರ ಮುಟ್ಟಬೇಡಿ, ಅಲ್ಯೂಮಿನಿಯಂ ತಿಂದು ಹಾಕುತ್ತದೆ.

ಕಬ್ಬಿಣದ_ಕಾವಲಿ

ಸರಿ, ನಾನ್‌ಸ್ಟಿಕ್‌ಗೆ ನನ್ನ ಮಾತು ಬೇಡ. ಆದರೆ ಕೋಟಿಂಗ್ ಹೋದ ಬಿಲ್ಲಿನಲ್ಲಿ ಈಗ ಬರೀ ಲೋಹ ಇದೆಯಲ್ಲ? ಅಲ್ಲಿ ಮಾತ್ರ ಎಣ್ಣೆ ಹಿಡಿಸಬಹುದಲ್ಲ?

ಹಳೇ_ಸೋಲ್ಡರ್

ಅಲ್ಯೂಮಿನಿಯಂ ಮೇಲೂ ಎಣ್ಣೆ ಹಿಡಿಯುತ್ತದೆ, ನಿಜ. ಆದರೆ ಎಣ್ಣೆ ಗಟ್ಟಿಯಾಗುವಷ್ಟು ಕಾಯಿಸಿದರೆ ಪಕ್ಕದ ಕೋಟಿಂಗಿನ ಅಂಚು ಇನ್ನಷ್ಟು ಎದ್ದೇಳುತ್ತದೆ. ನಾನು ಮಾಡುವುದಿಲ್ಲ.

ಕಬ್ಬಿಣದ_ಕಾವಲಿ

205 ಡಿಗ್ರಿಯಲ್ಲೇ ಬಹಳ ಹೊತ್ತು ಬಿಟ್ಟರೆ ಹಿಡಿಯುತ್ತದೆ. ಸೂರ್ಯಕಾಂತಿ ಎಣ್ಣೆ ಹಾಕಿ, ಒರೆಸಿ, ತೆಳ್ಳಗೆ. ತೆಂಗಿನೆಣ್ಣೆ, ತುಪ್ಪ ಗಟ್ಟಿಯಾಗುವುದಿಲ್ಲ, ಬರೀ ಜಿಡ್ಡಾಗುತ್ತದೆ. ನನ್ನ ಎಲೆಕ್ಟ್ರಿಕ್ ತವಾಕ್ಕೆ ಬೀಡು ಕಬ್ಬಿಣದ ಪ್ಲೇಟ್ ಇದೆ, ಅದನ್ನೂ ಹೀಗೇ ಮಾಡಿದ್ದು. ಹೊಗೆ ಬರಲೇಬೇಕು ಅಂತ ಇಲ್ಲ.

ಹಳೇ_ಸೋಲ್ಡರ್

ಬೀಡಿಗೆ ನೂರಕ್ಕೆ ನೂರು ಒಪ್ಪುತ್ತೇನೆ. ಇದಕ್ಕೆ ಅರ್ಧ ಮಾತ್ರ.

ಸುಮ್ನೆ_ಓದುವವ

ಪ್ಲೇಟಿಗೆ ಮತ್ತೆ ಕೋಟಿಂಗ್ ಹಾಕಿಸಬಹುದಲ್ಲ?

ಹಳೇ_ಸೋಲ್ಡರ್

ಹಾಕುವವರಿದ್ದಾರೆ. ಹಳೆಯದನ್ನು ಮರಳು ಊದಿ ಪೂರ್ತಿ ತೆಗೆಯಬೇಕು. ಹೊಸದನ್ನು ಬಳಿದು 400 ಡಿಗ್ರಿ ಹತ್ತಿರ ಬೇಯಿಸಬೇಕು. ಅದಕ್ಕೆ ಕಾಯಿಲ್, ವೈರ್, ಥರ್ಮೋಸ್ಟಾಟ್, ಫ್ಯೂಸ್ ಎಲ್ಲ ಬಿಚ್ಚಿ ಬರೀ ಪ್ಲೇಟ್ ಕೊಡಬೇಕು. ಇವರದ್ದು ಪಟ್ಟಿ ಬಿಗಿದ ಥರ, ಬಿಚ್ಚಬಹುದು. ಎರಕ ಹೊಯ್ದದ್ದಾಗಿದ್ದರೆ ಕಾಯಿಲ್ ಬಿಡಿಸಲು ಆಗುತ್ತಿರಲಿಲ್ಲ. ಪ್ಲೇಟ್ ಒಂದೇ ಬಿಡಿಭಾಗವಾಗಿ ಸಿಕ್ಕರೆ ಅದು ಇನ್ನೂ ಸುಲಭ.

ಗಿಳಿಮನೆ

ನನ್ನ ಮತ ಪ್ಲೇಟ್ ಬದಲಿಸುವುದಕ್ಕೆ. ಒಮ್ಮೆ 265 ಕಂಡ ಕೋಟಿಂಗನ್ನು ನಾನು ನಂಬಲ್ಲ.

ಲಟ್ಟಣಿಗೆ_ರಜೆ

ಸೋಡಾದಲ್ಲಿ ಜಿಡ್ಡು ಮುಕ್ಕಾಲು ಹೋಯಿತು. ಹಿಟ್ಟು ಮೆತ್ತಗೆ ಕಲಸಿದ ಮೇಲೆ ಅಂಟುವುದೂ ಕಮ್ಮಿ. ಅಷ್ಟಾದರೂ ಬಿಲ್ಲಿನ ಅಂಚಿನಿಂದ ಚೂರು ಏಳುತ್ತಿದೆ. ಕೆಳಗಿನ ಪ್ಲೇಟ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿದ್ದೇನೆ. ಕಬ್ಬಿಣದ ಕಾವಲಿಯವರ ಪ್ರಯೋಗ ಸದ್ಯಕ್ಕೆ ಬೇಡ.

ಕಬ್ಬಿಣದ_ಕಾವಲಿ

ಹೊಸ ಪ್ಲೇಟ್ ಸಿಕ್ಕರೆ ಹಳೆಯದರ ಮೇಲೆ ಮಾಡಿ ನೋಡಿ. ಆಗಲಾದರೂ ಯಾರದ್ದು ಸರಿ ಗೊತ್ತಾಗುತ್ತದೆ.

ಹಳೇ_ಸೋಲ್ಡರ್

ಅಲ್ಲಿಯ ತನಕ ಒಂದು ಕೆಲಸ ಬಾಕಿ ಇದೆ. ಬಿಗಿದ ಸ್ಕ್ರೂಗಳು ಕೆಲವು ಸಲ ಕಾದು ಆರಿದ ಮೇಲೆ ಮೊದಲ ಸಲ ಸ್ವಲ್ಪ ಸಡಿಲ ಬಿಡುತ್ತವೆ. ವಾರ ಬಳಸಿ, ಪ್ಲಗ್ ತೆಗೆದು ತಣ್ಣಗಾದ ಮೇಲೆ ಇನ್ನೊಮ್ಮೆ ಬಿಚ್ಚಿ ಬಿಗಿ ನೋಡಿ. ಲೈಟ್ ಆರಲು ಮತ್ತೆ ತಡವಾಗುತ್ತಿದ್ದರೆ ವಾರ ಕಾಯಬೇಡಿ.

ಇಂಡಕ್ಷನ್_ಇಂದ್ರ

ದಪ್ಪ ತವಾ ತಂದೆ. ಉಂಗುರ ಹೋಯಿತು. ಆದರೆ ಕಾಯಲು ಯುಗ ಹಿಡಿಯುತ್ತದೆ. ಇದಕ್ಕೆ ಥರ್ಮೋಸ್ಟಾಟ್ ಬದಲಿಸಬೇಕಾ?